ಕರ್ಕಾಟಕದ ಗುರು: ತುಲಾ ಲಗ್ನಕ್ಕೊಂದು, ವೃಶ್ಚಿಕಕ್ಕೊಂದು

ಗುರು ಉಚ್ಚನಾಗಿದ್ದಾನೆ ಅಂದ ಕೂಡಲೇ ದಶಾಫಲ ಬರೆಯಲು ನಾನು ಕೂರುವುದಿಲ್ಲ. ಮೊದಲು ಲಗ್ನದಿಂದ ಎಣಿಸಿ, ಆ ಗ್ರಹದ ಎರಡು ರಾಶಿ ಯಾವ ಭಾವಗಳಿಗೆ ಬಿದ್ದಿವೆ ಎಂದು ಕುಂಡಲಿಯ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ. ತ್ರಿಕೋಣಾಧಿಪತಿ (1, 5, 9) ಪಾಪಗ್ರಹವೇ ಆದರೂ ಶುಭ. 3, 6, 11ರ ಅಧಿಪತಿ ಗುರುವೇ ಆದರೂ ಪಾಪ. ಪರಾಶರ ಮತದ ಈ ಸೂತ್ರದಿಂದಲೇ ಅರ್ಧ ಗೊಂದಲ ಕಳೆಯುತ್ತದೆ.

ಒಂದೇ ದಿನ, ಒಂದೇ ಊರಲ್ಲಿ, ಸುಮಾರು ಎರಡು ಗಂಟೆ ಅಂತರದಲ್ಲಿ ಹುಟ್ಟಿದ ಎರಡು ಜಾತಕ ಎಂದಿಟ್ಟುಕೊಳ್ಳಿ. ಒಂದು ತುಲಾ ಲಗ್ನ, ಇನ್ನೊಂದು ವೃಶ್ಚಿಕ. ಎರಡರಲ್ಲೂ ಗುರು ಕರ್ಕಾಟಕದಲ್ಲಿ ಉಚ್ಚ. ಅಷ್ಟು ಹೊತ್ತಿಗೆ ಚಂದ್ರ ಸರಿಯುವುದು ಸುಮಾರು ಒಂದು ಡಿಗ್ರಿ. ನಕ್ಷತ್ರ ಬದಲಾಗದಿದ್ದರೆ ಗುರುದಶೆಯ ಆರಂಭದಲ್ಲಿ ಹೆಚ್ಚೆಂದರೆ ಸುಮಾರು ಎರಡು ವರ್ಷ ಆಚೀಚೆ.

ವೃಶ್ಚಿಕಕ್ಕೆ ಧನು 2, ಮೀನ 5. ಗುರು ಧನಾಧಿಪತಿ, ಪಂಚಮಾಧಿಪತಿ. ಕೂತಿರುವುದು ಭಾಗ್ಯದಲ್ಲಿ. ಐದನೇ ದೃಷ್ಟಿ ಲಗ್ನದ ಮೇಲೆ, ಒಂಬತ್ತನೇ ದೃಷ್ಟಿ ತನ್ನದೇ ಮೀನದ ಮೇಲೆ. ವಿದ್ಯೆ, ಸಂತಾನ, ಧನ ಎಂದು ಧೈರ್ಯವಾಗಿ ಹೇಳಬಹುದು.

ತುಲಾ ಲಗ್ನಕ್ಕೆ ಬನ್ನಿ. ಅದೇ ಧನು ಈಗ 3, ಅದೇ ಮೀನ 6. ಗುರು ದಶಮದಲ್ಲಿ ಕೂತಿದ್ದಾನೆ, ಮೀನದ ಮೇಲಿನ ಒಂಬತ್ತನೇ ದೃಷ್ಟಿಯೂ ಹಾಗೇ ಇದೆ. ಆದರೆ ಅದು ಬಲಪಡಿಸುತ್ತಿರುವುದು ಋಣ, ರೋಗ, ಶತ್ರು ಸ್ಥಾನವನ್ನು. ಇಲ್ಲಿ ಉಚ್ಚ ಎಂದರೆ ಷಷ್ಠಾಧಿಪತಿಗೆ ಬಲ ಬಂದಿದೆ ಎಂದರ್ಥ. ಉದ್ಯೋಗ, ಪೈಪೋಟಿ, ಅದರ ಬೆನ್ನಿಗೆ ಸಾಲ: ದಶೆಯಲ್ಲಿ ನಾನು ಓದುವುದು ಇದನ್ನು.

ಹಾಗಂತ ಗುರು ಕುಜನಾಗುವುದಿಲ್ಲ, ಹಲವರು ಎಡವುವುದು ಇಲ್ಲೇ. ಆಧಿಪತ್ಯ ಹೇಳುವುದು ಯಾವ ವಿಷಯ ಎಂಬುದನ್ನು. ನೈಸರ್ಗಿಕ ಸ್ವಭಾವ ಹೇಳುವುದು ಅದು ಹೇಗೆ ಬರುತ್ತದೆ ಎಂಬುದನ್ನು. ಮಿಥುನ ಲಗ್ನಕ್ಕೆ ಆರನೇ ಮನೆ ಕುಜನದು. ಅಲ್ಲಿ ಜಗಳ ಜಗಳವಾಗಿಯೇ ಬರುತ್ತದೆ. ತುಲಾ ಲಗ್ನದ ಗುರು ಕೊಡಿಸುವ ಸಾಲ ಮರ್ಯಾದೆಯಿಂದ, ಮನೆ ಅಥವಾ ಓದಿನ ಹೆಸರಲ್ಲಿ ಬರುತ್ತದೆ. ತೀರಿಸುವ ಭಾರ ಮಾತ್ರ ಹಾಗೇ ಉಳಿಯುತ್ತದೆ. ಇದೇ ಲಗ್ನಕ್ಕೆ 4, 5ರ ಒಡೆಯ ಶನಿ ಯೋಗಕಾರಕ. ಕೊಡುತ್ತಾನೆ, ಆದರೆ ಕಾಯಿಸಿ, ದುಡಿಸಿ.

ಈ ಲೆಕ್ಕ ಪೂರ್ತಿ ಕೆಡುವುದು ಲಗ್ನಸಂಧಿಯಲ್ಲಿ. ಲಗ್ನ ತುಲಾ 29 ಡಿಗ್ರಿ ಎಂದು ಬಂದರೆ ನಾನು ಫಲ ಹೇಳುವುದನ್ನು ನಿಲ್ಲಿಸುತ್ತೇನೆ. ನಾಲ್ಕು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಸರಿಯುತ್ತದೆ. ಜನನ ಸಮಯ ಐದಾರು ನಿಮಿಷ ತಪ್ಪಿದ್ದರೆ, ಅಥವಾ ಸಾಫ್ಟ್‌ವೇರಿನಲ್ಲಿ ಅಯನಾಂಶ ಬೇರೆಯಿದ್ದರೆ, ಷಷ್ಠಾಧಿಪತಿ ಪಂಚಮಾಧಿಪತಿ ಆಗಿಬಿಡುತ್ತಾನೆ. ಆಗ ಕಳೆದುಹೋದ ಒಂದು ಗುರುಭುಕ್ತಿಯ ತಾರೀಖು ಹಾಕಿ, ಆ ಅವಧಿಯಲ್ಲಿ ಏನಾಯಿತು ಎಂದು ಕೇಳುತ್ತೇನೆ. ಸಾಲ, ಕೋರ್ಟು, ಚಿಕಿತ್ಸೆ ಎಂದರೆ ತುಲಾ. ಮಗು, ಪರೀಕ್ಷೆ ಎಂದರೆ ವೃಶ್ಚಿಕ. ಎರಡೂ ಬೆರೆತ ಉತ್ತರ ಬಂದರೆ ಇನ್ನೊಂದು ಭುಕ್ತಿ, ಸಾಮಾನ್ಯವಾಗಿ ಶನಿಯದು, ನೋಡದೆ ಲಗ್ನ ನಿರ್ಧರಿಸುವುದಿಲ್ಲ.