ದಬರಿ ತುಂಬ ಹುಳಿ: ಫ್ರಿಜ್‌ಗೆ ಇಡುವ ಮುಂಚೆ ಬೇಗ ತಣಿಸುವುದು ಹೇಗೆ?

ದಸರೆಗೆ ಮೈಸೂರಿನ ನಮ್ಮ ಮನೆ ತುಂಬ ನೆಂಟರು. ರಾತ್ರಿ ಊಟ ಮುಗಿದ ಮೇಲೂ ದಬರಿಯಲ್ಲಿ ಎಂಟು ಲೀಟರ್ ಹುಳಿ ಉಳಿಯಿತು. ಆರಲಿ ಅಂತ ಮುಚ್ಚಳ ಹಾಕಿ ಕಟ್ಟೆಯ ಮೇಲೆ ಬಿಟ್ಟು ಮಲಗಿದೆ. ಬೆಳಿಗ್ಗೆ ದಬರಿಯ ಹೊರಗೆ ತಣ್ಣಗಿತ್ತು. ಸೌಟು ಹಾಕಿದರೆ ನಡುವೆ ಇನ್ನೂ ಉಗುರು ಬೆಚ್ಚಗೆ, ಮೇಲೆ ನೊರೆ. ಅಷ್ಟನ್ನೂ ಚೆಲ್ಲಿದೆ.

ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಸಾಯುವುದಿಲ್ಲ. ಅಡುಗೆ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಅವು ಮತ್ತೆ ಚಿಗುರುತ್ತವೆ. ಅದಕ್ಕೇ 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಸಬೇಕು. ದೊಡ್ಡ ಪಾತ್ರೆಯನ್ನು ಬಿಸಿಬಿಸಿಯಾಗಿ ಫ್ರಿಜ್‌ಗೆ ತುರುಕಿದರೂ ಇದು ಆಗುವುದಿಲ್ಲ. ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ, ಅಷ್ಟೆ.

ಈಗ ನಾನು ಮಾಡುವುದು ಹೀಗೆ. ಮೊದಲು ಹುಳಿಯನ್ನು ಎರಡು ಅಗಲವಾದ ಸ್ಟೀಲ್ ಪಾತ್ರೆಗೆ ಸುರಿಯುತ್ತೇನೆ, ತಲಾ ನಾಲ್ಕು ಲೀಟರ್. ಪಾತ್ರೆಗಳನ್ನು ಟಬ್‌ನಲ್ಲಿಟ್ಟು, ಒಳಗೆ ಹುಳಿ ಎಷ್ಟು ಎತ್ತರ ಇದೆಯೋ ಹೊರಗೂ ಅಷ್ಟೇ ನಲ್ಲಿ ನೀರು ತುಂಬುತ್ತೇನೆ. ಪಾತ್ರೆ ತೇಲಬಾರದು, ನೀರು ಒಳಗೆ ಚಿಮ್ಮಲೂಬಾರದು. ಐದು ನಿಮಿಷಕ್ಕೊಮ್ಮೆ ತಳ ಮುಟ್ಟುವಂತೆ ಸೌಟಾಡಿಸಬೇಕು. ಬೇಳೆ ಗಟ್ಟಿಯಾಗಿ ತಳದಲ್ಲಿ ಕೂತರೆ ಅಲ್ಲೇ ಬಿಸಿ ಉಳಿಯುತ್ತದೆ. ಟಬ್ ನೀರು ಕೈಗೆ ಬೆಚ್ಚಗಾದರೆ ಚೆಲ್ಲಿ ಹೊಸದು ಹಾಕಿ.

ಐಸನ್ನು ಮೊದಲೇ ಸುರಿಯಬೇಡಿ. ಎಂಟು ಲೀಟರ್ ಹುಳಿಯನ್ನು 90 ಡಿಗ್ರಿಯಿಂದ 40ಕ್ಕೆ ತರಲು ಸುಮಾರು ಐದು ಕಿಲೋ ಐಸ್ ಕರಗಬೇಕು. ಆ ಕೆಲಸ ನಲ್ಲಿ ನೀರೇ ಮಾಡುತ್ತದೆ, ಬಿಟ್ಟಿಯಾಗಿ! ಆದರೆ 40ರಿಂದ 20ಕ್ಕೆ ಬರುವಾಗ ನಲ್ಲಿ ನೀರು ಸೋಲುತ್ತದೆ. ಆಗ ಎರಡು ಕಿಲೋ ಐಸ್ ಸಾಕು. ಹಬ್ಬದ ಹಿಂದಿನ ದಿನವೇ ನಾಲ್ಕೈದು ಬಾಟಲಿಗೆ ಮುಕ್ಕಾಲು ನೀರು ತುಂಬಿ ಫ್ರೀಜರ್‌ಗೆ ಹಾಕಿಡಿ. ಪೂರ್ತಿ ತುಂಬಿದರೆ ಒಡೆಯುತ್ತವೆ. ಆಮೇಲೆ ಅವನ್ನು ಟಬ್ ನೀರಿಗೆ ಬಿಡಿ, ಹುಳಿಯೊಳಗೆ ಅಲ್ಲ.

ಬಿರಿಯಾನಿಗೆ ಸೌಟಾಡಿಸುವ ಉಪಾಯ ನಡೆಯಲ್ಲ, ಅನ್ನ ಮುದ್ದೆಯಾಗುತ್ತದೆ. ಅಗಲವಾದ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಫ್ಯಾನ್ ಕೆಳಗಿಡಿ. ದೊಡ್ಡ ಮಟನ್ ತುಂಡುಗಳನ್ನು ಬೇರೆ ತಟ್ಟೆಗೆ ತೆಗೆಯಿರಿ, ಅವು ನಿಧಾನವಾಗಿ ತಣಿಯುತ್ತವೆ. ಅನ್ನದ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ರಾತ್ರಿಯೆಲ್ಲ ಹೊರಗಿದ್ದ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯೂ ಬರದೇ ಇರಬಹುದು.

ತಣಿದಿದೆಯೋ ಇಲ್ಲವೋ ಅಂತ ಪಾತ್ರೆಯ ಹೊರಗೆ ಮುಟ್ಟಿ ನೋಡಿದರೆ ಮೋಸ ಹೋಗುತ್ತೀರಿ. ಚೆನ್ನಾಗಿ ಕಲಕಿ, ನಡುವೆ ಅಡುಗೆ ಥರ್ಮಾಮೀಟರ್ ಇಳಿಸಿ. 20ರ ಆಸುಪಾಸು ಬಂದಿದ್ದರೆ ಒಂದೊಂದು ಲೀಟರಿನ ಡಬ್ಬಿಗಳಿಗೆ ಹಾಕಿ, ಮುಚ್ಚಳ ಸ್ವಲ್ಪ ಓರೆಯಾಗಿಟ್ಟು, ಒಂದರ ಮೇಲೊಂದು ಪೇರಿಸದೆ ಫ್ರಿಜ್‌ನಲ್ಲಿಡಿ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಬಿಗಿ ಮಾಡಿ. ಬೆಳಿಗ್ಗೆ ಇಡ್ಲಿಗೆ ಬೇಕಾದ ಒಂದು ಡಬ್ಬಿಯನ್ನಷ್ಟೇ ಹೊರಗೆ ತೆಗೆದು ಕುದಿಸಿ.