ವಚನಕ್ಕೆ ನಂಬರ್ ಮಾತ್ರ ಹಾಕಬೇಡಿ

ತುಮಕೂರಿನಲ್ಲಿ ಬಸವ ಜಯಂತಿಗೆ ಭಾಷಣ, ಬ್ಯಾನರ್ ಬರೆಯುವವರಿಗೆ: ವಚನ ಉದ್ಧರಿಸುವಾಗ ವಚನಕಾರರ ಹೆಸರು, ಮೊದಲ ಸಾಲು, ಅಂಕಿತ ಮೂರನ್ನೂ ಕೊಡಿ, ಸಂಖ್ಯೆ ಹಾಕಿದರೆ ಯಾವ ಸಂಪುಟ, ಯಾವ ವರ್ಷದ ಮುದ್ರಣ ಅಂತಲೂ ಬರೆಯಿರಿ. ಗೀತೆಗೆ 2.47 ಅಂದರೆ ಸಾಕು, ಛಂದಸ್ಸಿನ ಶ್ಲೋಕ ಅಧ್ಯಾಯದಲ್ಲಿ ತನ್ನ ಜಾಗ ಬಿಡುವುದಿಲ್ಲ. ವಚನಕ್ಕೆ ಮಾತ್ರೆ-ಗಣದ ಕಟ್ಟಿಲ್ಲ, ಅಧ್ಯಾಯವೂ ಇಲ್ಲ. ಬಿಡಿಬಿಡಿ ಮಾತುಗಳನ್ನು ಒಬ್ಬೊಬ್ಬ ಸಂಪಾದಕರು ಒಂದೊಂದು ಕ್ರಮದಲ್ಲಿ ಜೋಡಿಸಿದ್ದಾರೆ, ಸಂಖ್ಯೆ ಬಂದದ್ದೇ ಅವರಿಂದ. ಸಾಲು ಒಡೆದಿರುವುದೂ ಬಹುಮಟ್ಟಿಗೆ ಅವರೇ, ಹಾಗಾಗಿ ‘ಮೂರನೇ ಸಾಲು’ ಅನ್ನಬೇಡಿ. ಬರೆಯುವುದು ಹೀಗೆ: ಬಸವಣ್ಣ, ‘ಉಳ್ಳವರು ಶಿವಾಲಯವ ಮಾಡುವರು’, ಅಂಕಿತ ಕೂಡಲಸಂಗಮದೇವ; ಆಮೇಲೆ ನಿಮ್ಮ ಕೈಲಿರುವ ಪುಸ್ತಕದ ಹೆಸರು, ವರ್ಷ, ವಚನ ಸಂಖ್ಯೆ. ನಮ್ಮ ಎಡೆಯೂರಿನ ತೋಂಟದ ಸಿದ್ಧಲಿಂಗರ ಅಂಕಿತ ಉದ್ದ, ‘ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭುವೇ’. ಜಾಗ ಸಾಲದೆಂದು ಅದನ್ನು ಕತ್ತರಿಸಬೇಡಿ, ಸಹಿಯೇ ಹೋದಂತೆ. ಅಂಕಿತ ಅರ್ಧ ನೋಡಿದರೆ ಮೋಸ ಹೋಗುತ್ತೀರಿ: ‘ಮಲ್ಲಿಕಾರ್ಜುನ’ ಕಂಡ ಕೂಡಲೇ ಅಕ್ಕಮಹಾದೇವಿ ಅನ್ನಬೇಡಿ, ‘ಚೆನ್ನ’ ಇದ್ದರೆ ಅಕ್ಕ, ‘ಕಪಿಲಸಿದ್ಧ’ ಇದ್ದರೆ ಸಿದ್ಧರಾಮ. ವಾಟ್ಸಾಪಿನಲ್ಲಿ ಅಂಕಿತವೇ ಇಲ್ಲದೆ ಬಂದದ್ದಕ್ಕೆ ಈ ಉಪಾಯ ನಡೆಯುವುದಿಲ್ಲ. ಮುದ್ರಿತ ಸಂಪುಟದ ಮೊದಲ ಸಾಲಿನ ಅಕಾರಾದಿಯಲ್ಲಿ ಸಿಗದಿದ್ದರೆ ಯಾರ ಹೆಸರನ್ನೂ ಹಾಕದೆ ಬಿಡಿ.