ಕೀಮೋ ನಂತರದ ಜ್ವರ: ಮೊದಲ ಗಂಟೆ, ಆಮೇಲೆ ಐದನೇ ದಿನ

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ರಕ್ತದ ಕ್ಯಾನ್ಸರ್‌ (ಅಕ್ಯೂಟ್ ಲ್ಯುಕೇಮಿಯಾ) ಇರುವ 42 ವರ್ಷದ ಮಹಿಳೆ. ಕೀಮೋ ಶುರುವಾಗಿ 12ನೇ ದಿನ ರಾತ್ರಿ ಚಳಿ ಬಂತು, ಥರ್ಮಾಮೀಟರ್ 38.5 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಸೋಂಕಿನ ವಿರುದ್ಧ ಮೊದಲು ಓಡಿಬರುವ ಬಿಳಿ ಕಣಗಳಾದ ನ್ಯೂಟ್ರೋಫಿಲ್ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬರೀ 200 ಇವೆ. 500ಕ್ಕಿಂತ ಕೆಳಗಿದ್ದಾಗ ಒಂದು ಸಲ 38.3 ಮುಟ್ಟಿದರೂ ಅಥವಾ 38 ಒಂದು ಗಂಟೆ ಹಾಗೇ ಇದ್ದರೂ ಅದು ತುರ್ತು ಪರಿಸ್ಥಿತಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ. ಕೀವು ಆಗುವುದಕ್ಕೂ ಈ ಕಣಗಳೇ ಬೇಕು, ಹಾಗಾಗಿ ಎಷ್ಟೋ ಸಲ ಜ್ವರ ಬಿಟ್ಟರೆ ಬೇರೆ ಸುಳಿವೇ ಇರುವುದಿಲ್ಲ.

ಮೊದಲು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ: ಕೈಯ ರಕ್ತನಾಳದಿಂದ ಒಂದು ಸೆಟ್, ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ, ಅಂದರೆ ಸೆಂಟ್ರಲ್ ಲೈನ್ ಇದ್ದರೆ ಅದರಿಂದ ಇನ್ನೊಂದು. ವರದಿಗೆ ಕಾಯದೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು. ಯಾವುದು? ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇಂಥವರನ್ನು ಬೇಗ ಕೊಲ್ಲುವಂಥದ್ದು, ಅದನ್ನೂ ಹಿಡಿಯುವ ಔಷಧವೇ ಬೇಕು. ಈಕೆಗೆ ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ 4.5 ಗ್ರಾಂ, ಆರು ಗಂಟೆಗೊಮ್ಮೆ ಶುರುಮಾಡಿದರು. ಸೆಫೆಪಿಮ್ ಕೂಡ ಆಗುತ್ತಿತ್ತು. ವ್ಯಾಂಕೊಮೈಸಿನ್ ಸುಮ್ನೆ ಸೇರಿಸುವುದಿಲ್ಲ. ಲೈನ್ ಸುತ್ತ ಕೆಂಪಾಗಿದ್ದರೆ, ನ್ಯುಮೋನಿಯಾ ಇದ್ದರೆ, ಬಿಪಿ ಬಿದ್ದರೆ, ಹೀಗೆ ನಿರ್ದಿಷ್ಟ ಕಾರಣ ಇದ್ದರೆ ಮಾತ್ರ.

ಮೂರನೇ ದಿನವೂ ಜ್ವರ ಇಳಿಯಲಿಲ್ಲ. ಮನೆಯವರಿಗೆ ಗಾಬರಿ, ಡ್ಯೂಟಿ ಡಾಕ್ಟರಿಗೂ ಕೈ ತುರಿಸುತ್ತದೆ, ಔಷಧ ಬದಲಿಸೋಣ ಅಂತ. ಬಿಪಿ ಸರಿಯಿದೆ, ಉಸಿರಾಟ ಸರಿಯಿದೆ, ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಅಂದಮೇಲೆ ಬದಲಿಸಬೇಕಿಲ್ಲ. ರಕ್ತದ ಕ್ಯಾನ್ಸರ್‌ನಲ್ಲಿ ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು ಐದು ದಿನ ಹಿಡಿಯುವುದು ಮಾಮೂಲು. ಬಿಪಿ ಬಿದ್ದರೆ ಕತೆ ಬೇರೆ, ಆಗ ಮೆರೊಪೆನೆಮ್‌ನಂಥ ಇನ್ನೂ ವಿಶಾಲವಾದ ಔಷಧಕ್ಕೆ ಹೋಗಬೇಕು.

ನಾಲ್ಕರಿಂದ ಏಳು ದಿನ ದಾಟಿಯೂ ಜ್ವರ ಇದ್ದು, ಕಣಗಳು ಸದ್ಯಕ್ಕೆ ಏರುವ ಲಕ್ಷಣ ಇಲ್ಲದಿದ್ದರೆ ಫಂಗಸ್ ಅನುಮಾನ ಬರಬೇಕು. ಎರಡು ದಿನದಲ್ಲಿ ಕಣ ಏರುವವರಿಗೆ ಫಂಗಸ್ ಔಷಧ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಈಕೆಗೆ ಐದನೇ ದಿನ ನ್ಯೂಟ್ರೋಫಿಲ್ 100. ಮುಂಜಾಗ್ರತೆಗೆಂದು ಫ್ಲುಕೊನಜೋಲ್ ಎಂಬ ಫಂಗಸ್ ಔಷಧ ಕೊಡುತ್ತಿದ್ದರಲ್ವಾ, ಅಂತ ಕೇಳಬಹುದು. ಅದು ಕ್ಯಾಂಡಿಡಾ ಎಂಬ ಫಂಗಸ್‌ನ ಹಲವು ಬಗೆಗಳನ್ನು ತಡೆಯುತ್ತದೆ, ಶ್ವಾಸಕೋಶಕ್ಕೆ ಇಳಿಯುವ ಆಸ್ಪರ್ಜಿಲಸ್ ಎಂಬ ಬೂಷ್ಟನ್ನು ಮುಟ್ಟುವುದಿಲ್ಲ.

ಹಾಗಾಗಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದರು. ಎಕ್ಸ್‌ರೇ ನಂಬಿ ಕೂರಬಾರದು, ಅದರಲ್ಲಿ ಆರಂಭದ ಗಂಟು ಕಾಣದೇ ಹೋಗಬಹುದು. ಸಿಟಿಯಲ್ಲಿ ಒಂದು ಗಂಟು, ಸುತ್ತ ಮಂಜಿನಂಥ ಉಂಗುರ. ರಕ್ತದಲ್ಲಿ ಆಸ್ಪರ್ಜಿಲಸ್‌ನ ಗುರುತು ಹುಡುಕುವ ಗ್ಯಾಲಕ್ಟೊಮ್ಯಾನನ್ ಪರೀಕ್ಷೆಯೂ ಪಾಸಿಟಿವ್. ಅದನ್ನು ಹಿಡಿಯುವ ವೊರಿಕೊನಜೋಲ್ ಶುರುವಾಯಿತು: ತೂಕದ ಪ್ರತಿ ಕೆಜಿಗೆ 6 ಮಿಗ್ರಾಂನಂತೆ 12 ಗಂಟೆ ಅಂತರದಲ್ಲಿ ಎರಡು ಡೋಸ್, ಆಮೇಲೆ 4 ಮಿಗ್ರಾಂನಂತೆ ದಿನಕ್ಕೆರಡು ಸಲ. ಇದು ಬೇರೆ ಮಾತ್ರೆಗಳ ಜೊತೆ ಜಗಳವಾಡುವ ಔಷಧ, ಲಿವರ್ ಪರೀಕ್ಷೆಯ ಜೊತೆಗೆ ಕೆಲವು ದಿನಗಳ ಮೇಲೆ ರಕ್ತದಲ್ಲಿ ಔಷಧದ ಮಟ್ಟವನ್ನೂ ನೋಡಬೇಕು. ಸಿಟಿ ಚೆನ್ನಾಗಿದ್ದೂ ಜ್ವರ ಬಿಡದೇ ಇದ್ದಿದ್ದರೆ ಕ್ಯಾಸ್ಪೊಫಂಜಿನ್ ಅಥವಾ ಲೈಪೊಸೋಮಲ್ ಆಂಫೊಟೆರಿಸಿನ್ ಕೊಡುತ್ತಿದ್ದರು.

ಮೊದಲ ವಾರ, ಹತ್ತು ದಿನದಲ್ಲಿ ಸಿಟಿಯಲ್ಲಿ ಗಂಟು ದೊಡ್ಡದಾಗಿ ಕಂಡರೆ ಅಷ್ಟಕ್ಕೇ ಔಷಧ ಸೋತಿತು ಅನ್ನಬೇಡಿ. ಜ್ವರ ಇಳಿದಿದೆಯಾ, ಕಣ ಏರಿದೆಯಾ ನೋಡಿ. ಕಣಗಳು ವಾಪಸ್ ಬರುವಾಗ ಗಂಟು ಒಮ್ಮೊಮ್ಮೆ ಊದಿಕೊಳ್ಳುತ್ತದೆ.